ಬೀಗ ಇರುವುದು ಬೋರ್ಡಿನಲ್ಲೋ, ಡಿಸ್ಕಿನಲ್ಲೋ?

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಲ್ಯಾಪ್‌ಟಾಪ್ ಕೊಂಡವರಲ್ಲಿ ಕೆಲವರಿಗೆ ಆಗುವ ಅನುಭವ ಇದು. ಯಾವುದೋ ಕಂಪನಿ ನಾಲ್ಕು ವರ್ಷ ದುಡಿಸಿಕೊಂಡು ಸಗಟಾಗಿ ಮಾರಿದ ಮಾಲು. ಅಂಗಡಿಯಲ್ಲಿ ಆನ್ ಮಾಡಿದಾಗ ವಿಂಡೋಸ್ ಬಂತು, ಕೀಬೋರ್ಡ್ ಕೆಲಸ ಮಾಡಿತು, ವ್ಯಾಪಾರ ಮುಗಿಯಿತು. ಮನೆಗೆ ತಂದು ಲಿನಕ್ಸ್ ಹಾಕೋಣವೆಂದು ಪೆನ್‌ಡ್ರೈವ್ ಸಿಕ್ಕಿಸಿ F2 ಒತ್ತಿದರೆ ತೆರೆಯ ನಡುವೆ ಒಂದು ಚಿಕ್ಕ ಪೆಟ್ಟಿಗೆ: Enter Password. ಅಂಗಡಿಯವನಿಗೆ ಫೋನ್ ಮಾಡಿದರೆ ಸಿಗುವ ಉತ್ತರ, "ವಿಂಡೋಸ್ ಓಡ್ತಾ ಇದೆಯಲ್ಲ ಸಾರ್, ಅದರ ತಂಟೆಗೆ ಯಾಕೆ ಹೋಗ್ತೀರಿ?"

ರಿಪೇರಿಯವರ ಮೇಜಿಗೆ ಇನ್ನೊಂದು ಬಗೆಯ ಗಿರಾಕಿಯೂ ಬರುತ್ತಾನೆ. ಫೈಲುಗಳು ಯಾರ ಕೈಗೂ ಸಿಗಬಾರದೆಂದು ವರ್ಷದ ಹಿಂದೆ ಹಾರ್ಡ್ ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದ. ಈಗ ಅದು ನೆನಪಿಲ್ಲ. ಮೊದಲನೆಯವನಿಗೆ ರಿಪೇರಿಯವರು ಹೇಳುವುದು, "ಫೈಲಿಗೇನೂ ಭಯವಿಲ್ಲ, ಬೋರ್ಡ್ ಬದಲಾಯಿಸಬೇಕಾಗಬಹುದು." ಎರಡನೆಯವನಿಗೆ ಹೇಳುವುದು ಇದರ ತದ್ವಿರುದ್ಧ: "ಬೋರ್ಡಿಗೇನೂ ಆಗಿಲ್ಲ, ಡಿಸ್ಕಿನ ಆಸೆ ಬಿಡಿ."

ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತದೆ. ವಿಂಡೋಸ್ ಬರುವುದಕ್ಕೂ ಮೊದಲೇ ಎಚ್ಚರಗೊಂಡು ಯಂತ್ರವನ್ನು ಅಣಿಗೊಳಿಸುವ ತಂತ್ರಾಂಶವನ್ನು ಜನ ಇಂದಿಗೂ ಬಯಾಸ್ ಎಂದೇ ಕರೆಯುತ್ತಾರೆ. ಈಗಿನ ಯಂತ್ರಗಳಲ್ಲಿರುವುದು ಅದರ ಉತ್ತರಾಧಿಕಾರಿ ಯುಇಎಫ್ಐ. ಅದರ ಸೆಟಪ್ ತೆರೆದು ಸೆಕ್ಯೂರಿಟಿ ಪುಟಕ್ಕೆ ಹೋದರೆ ಮೂರು ಪಾಸ್‌ವರ್ಡ್‌ಗಳ ಸಾಲು ಕಾಣುತ್ತದೆ: ಅಡ್ಮಿನಿಸ್ಟ್ರೇಟರ್, ಯೂಸರ್, ಹಾರ್ಡ್ ಡಿಸ್ಕ್. ಒಂದರ ಕೆಳಗೊಂದು ಬರೆದಿರುವುದರಿಂದ ಮೂರೂ ಅಣ್ಣತಮ್ಮಂದಿರು ಎನಿಸುತ್ತದೆ. ನಿಜವಾಗಿ ಮೊದಲೆರಡು ಮದರ್‌ಬೋರ್ಡಿಗೆ ಸೇರಿದವು. ಮೂರನೆಯದು ಡಿಸ್ಕಿನ ಒಳಗೇ ವಾಸಿಸುತ್ತದೆ. ಬಯಾಸ್ ಅದನ್ನು ತಲುಪಿಸುವ ಅಂಚೆಯವ ಮಾತ್ರ.

ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕಾಯುವುದು ಸೆಟಪ್ಪನ್ನು. ಯಂತ್ರ ಮೊದಲು ಎಲ್ಲಿಂದ ಬೂಟ್ ಆಗಬೇಕು, ಪೆನ್‌ಡ್ರೈವ್‌ಗೆ ಅವಕಾಶ ಇದೆಯೋ ಇಲ್ಲವೋ, ಸೆಕ್ಯೂರ್ ಬೂಟ್ ಆನ್ ಇರಬೇಕೋ ಬೇಡವೋ, ಕ್ಯಾಮೆರಾ ಕೆಲಸ ಮಾಡಬೇಕೋ ಬೇಡವೋ, ಇಂಥವೆಲ್ಲ ಅದರ ಸುಪರ್ದಿನಲ್ಲಿವೆ. ಥಿಂಕ್‌ಪ್ಯಾಡ್‌ಗಳಲ್ಲಿ ಇದಕ್ಕೆ Supervisor Password ಎಂದು ಹೆಸರು. ಯೂಸರ್ ಪಾಸ್‌ವರ್ಡ್ ಯಂತ್ರ ಆನ್ ಆದ ಕೂಡಲೇ ಬಾಗಿಲಲ್ಲಿ ತಡೆಯುತ್ತದೆ; ಕೊಡದಿದ್ದರೆ ವಿಂಡೋಸ್ ಶುರುವೇ ಆಗದು. ಡೆಲ್ ಇದನ್ನು System Password ಎನ್ನುತ್ತದೆ. ಎಚ್‌ಪಿ, ಲೆನೊವೊ ಯಂತ್ರಗಳಲ್ಲಿ Power-On Password ಎಂದಿರುತ್ತದೆ.

ಇಷ್ಟೇ ಆಗಿದ್ದರೆ ಗೊಂದಲವಿರಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಹಾಕಿದಾಗ ಏನಾಗುತ್ತದೆ ಎಂಬಲ್ಲಿ ಹಲವರು ಮುಗ್ಗರಿಸುತ್ತಾರೆ. ಎಎಂಐ ಕಂಪನಿಯ ಬಯಾಸ್ ಇರುವ ಎಷ್ಟೋ ಯಂತ್ರಗಳ ಸೆಕ್ಯೂರಿಟಿ ಪುಟದಲ್ಲಿ ಈ ನಿಯಮವನ್ನು ಬರೆದೇ ಇಟ್ಟಿರುತ್ತಾರೆ, ಓದುವವರು ಕಡಿಮೆ. ಅಡ್ಮಿನಿಸ್ಟ್ರೇಟರ್ ಒಂದನ್ನೇ ಹಾಕಿದರೆ ಸೆಟಪ್ ಒಳಗೆ ಹೋಗುವಾಗ ಮಾತ್ರ ಅದನ್ನು ಕೇಳುತ್ತದೆ. ವಿಂಡೋಸ್ ಯಾರು ಬೇಕಾದರೂ ಶುರುಮಾಡಬಹುದು. ಯೂಸರ್ ಒಂದನ್ನೇ ಹಾಕಿದರೆ ಆನ್ ಮಾಡುವಾಗಲೂ ಕೇಳುತ್ತದೆ, ಸೆಟಪ್‌ಗೆ ಹೋಗುವಾಗಲೂ ಕೇಳುತ್ತದೆ. ಆದರೆ ಹಾಗೆ ಒಳಹೋದ ಯೂಸರ್‌ಗೆ ಅಡ್ಮಿನಿಸ್ಟ್ರೇಟರ್‌ನ ಪೂರ್ತಿ ಅಧಿಕಾರ ಸಿಕ್ಕಿಬಿಡುತ್ತದೆ.

ಇದರ ಪರಿಣಾಮ ತಮಾಷೆಯದು. ಒಂದು ಡಿಟಿಪಿ ಅಂಗಡಿಯ ಯಜಮಾನ ಬರೀ ಯೂಸರ್ ಪಾಸ್‌ವರ್ಡ್ ಹಾಕಿ, ಬೆಳಿಗ್ಗೆ ಅಂಗಡಿ ತೆರೆಯುವ ಹುಡುಗನಿಗೆ ಅದನ್ನು ಹೇಳಿಕೊಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ಹುಡುಗ ಒಂದು ಮಧ್ಯಾಹ್ನ ಸೆಟಪ್ ಹೊಕ್ಕು, ಖಾಲಿಯಿರುವ ಅಡ್ಮಿನಿಸ್ಟ್ರೇಟರ್ ಜಾಗದಲ್ಲಿ ತನ್ನದೊಂದು ಪದ ತುಂಬಿ ಹೊರಬರುತ್ತಾನೆ. ಮರುದಿನ ಯಜಮಾನ ತನ್ನ ಹಳೆಯ ಪಾಸ್‌ವರ್ಡ್ ಕೊಟ್ಟರೆ ವಿಂಡೋಸ್ ಎಂದಿನಂತೆ ಬರುತ್ತದೆ. ಸೆಟಪ್‌ನಲ್ಲಿ ಮಾತ್ರ ಸಾಲುಗಳೆಲ್ಲ ಮಸುಕಾಗಿವೆ. ನೋಡಬಹುದು, ತಿದ್ದುವ ಹಾಗಿಲ್ಲ. ಮನೆ ಅವನದೇ, ಆದರೆ ಈಗ ಅವನು ಬಾಡಿಗೆದಾರ. ಯೂಸರ್ ಪಾಸ್‌ವರ್ಡನ್ನು ಯಾರೊಡನೆಯಾದರೂ ಹಂಚಿಕೊಳ್ಳುವುದಿದ್ದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಮೊದಲೇ ಹಾಕಿಟ್ಟಿರಬೇಕು ಎನ್ನುವುದು ಇದಕ್ಕೇ.

ಬೋರ್ಡಿನ ಈ ಎರಡು ಬೀಗಗಳು ಎಷ್ಟು ಗಟ್ಟಿ ಎಂಬುದು ಯಂತ್ರದ ಮೇಲೆ ನಿಂತಿದೆ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಪಾಸ್‌ವರ್ಡ್ ಸೀಮಾಸ್ ಎಂಬ ಚಿಕ್ಕ ಸ್ಮೃತಿಯಲ್ಲಿ ಇರುತ್ತಿತ್ತು. ನಾಣ್ಯದಂಥ CR2032 ಸೆಲ್ ಅದನ್ನು ಬದುಕಿಸಿಡುತ್ತಿತ್ತು. ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಪಾಸ್‌ವರ್ಡೂ ಹೋಯಿತು, ಗಡಿಯಾರದ ಸಮಯವೂ ಹೋಯಿತು. ಲ್ಯಾಪ್‌ಟಾಪುಗಳಲ್ಲಿ ಈ ಉಪಾಯ ಬಹುಮಟ್ಟಿಗೆ ನಡೆಯದು. ಅಲ್ಲಿ ಪಾಸ್‌ವರ್ಡ್ ಕೂತಿರುವುದು ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಚಿಪ್ಪಿನಲ್ಲಿ. ಥಿಂಕ್‌ಪ್ಯಾಡಿನ Supervisor Password ಮರೆತರೆ ಮದರ್‌ಬೋರ್ಡ್ ಬದಲಾಯಿಸಬೇಕು ಎಂದೇ ಲೆನೊವೊ ಕೈಪಿಡಿಗಳು ಹೇಳುತ್ತವೆ. ಹಾಗಾಗಿ ಮೊದಲ ಗಿರಾಕಿಗೆ ಕೇಳಿಬಂದ ಮಾತು ರಿಪೇರಿಯವರ ಲಾಭದ ಲೆಕ್ಕವೇ ಆಗಿರಬೇಕೆಂದಿಲ್ಲ.

ಆದರೆ ಎಷ್ಟೇ ಗಟ್ಟಿ ಬೀಗವಾದರೂ ಅದು ಕಾಯುವುದು ಬೋರ್ಡನ್ನು. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಮದುವೆ ಫೋಟೋದಿಂದ ಬ್ಯಾಂಕ್ ಸ್ಟೇಟ್‌ಮೆಂಟಿನವರೆಗೆ ಎಲ್ಲವೂ ತೆರೆದುಕೊಳ್ಳುತ್ತದೆ, ಡಿಸ್ಕನ್ನು ಬಿಟ್‌ಲಾಕರ್‌ನಂಥ ಏರ್ಪಾಡಿನಿಂದ ಗೂಢಲಿಪಿಗೆ ತಿರುಗಿಸಿರದಿದ್ದರೆ. ಐದು ನಿಮಿಷದ ಕೆಲಸ. ಬೋರ್ಡಿನ ಬಳಿ ಏನನ್ನೂ ಕೇಳಬೇಕಾಗಿಲ್ಲ.

ಮೂರನೆಯ ಪಾಸ್‌ವರ್ಡ್ ಹುಟ್ಟಿದ್ದು ಈ ಸ್ಕ್ರೂಡ್ರೈವರ್‌ಗೆ ಉತ್ತರವಾಗಿ.

ಹಾರ್ಡ್ ಡಿಸ್ಕ್ ಎಂದರೆ ಬರೀ ಉಗ್ರಾಣವಲ್ಲ, ಅದರೊಳಗೆ ತನ್ನದೇ ಪುಟ್ಟ ಕಂಪ್ಯೂಟರ್ ಇದೆ. ಓದು, ಬರೆ ಎಂಬ ಆಜ್ಞೆಗಳನ್ನು ಅದು ಪಾಲಿಸುತ್ತದೆ. ಡಿಸ್ಕುಗಳು ಮಾತಾಡುವ ಎಟಿಎ ಎಂಬ ಭಾಷೆಗೆ 1990ರ ದಶಕದಲ್ಲಿ ಬೀಗದ ಆಜ್ಞೆಗಳೂ ಸೇರಿದವು. ಸೆಟಪ್‌ನಲ್ಲಿ ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಕೊಟ್ಟರೆ ಬಯಾಸ್ ಅದನ್ನು 32 ಬೈಟಿನ ತುಣುಕಾಗಿಸಿ ಡಿಸ್ಕಿಗೆ ಒಪ್ಪಿಸುತ್ತದೆ, ಡಿಸ್ಕ್ ಅದನ್ನು ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ಕರೆಂಟ್ ಬಂದಾಗಲೂ ಡಿಸ್ಕ್ ಬಾಯಿಮುಚ್ಚಿ ಎದ್ದು ಕೂರುತ್ತದೆ. ನೀನ್ಯಾರು ಎಂದರೆ ಹೆಸರು, ಗಾತ್ರ ಹೇಳುತ್ತದೆ; ಒಳಗಿನದನ್ನು ಕೊಡು ಎಂದರೆ ಇಲ್ಲ ಎನ್ನುತ್ತದೆ. ಬೇರೆ ಲ್ಯಾಪ್‌ಟಾಪಿಗೆ ಹಾಕಿದರೂ ಅದೇ ಹಟ. ಒಮ್ಮೆ ಆನ್ ಮಾಡಿದ ಮೇಲೆ ಐದು ಸಲ ತಪ್ಪು ಹೇಳಿದರೆ, ಕರೆಂಟ್ ತೆಗೆದು ಮತ್ತೆ ಕೊಡುವವರೆಗೆ ಆರನೆಯ ಪ್ರಯತ್ನವನ್ನು ಕೇಳಿಸಿಕೊಳ್ಳುವುದೂ ಇಲ್ಲ.

ಸರಿಯಾದ ಪಾಸ್‌ವರ್ಡ್ ಗೊತ್ತಿದ್ದೂ ಬೇರೆ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತೆರೆಯದೇ ಇರಬಹುದು. ಟೈಪ್ ಮಾಡಿದ ಪದವನ್ನು ಕೆಲವು ಬಯಾಸ್‌ಗಳು ಹಾಗೇ ಕಳಿಸುತ್ತವೆ, ಕೆಲವು ತಮ್ಮದೇ ರೀತಿಯಲ್ಲಿ ರೂಪಾಂತರಿಸಿ ಕಳಿಸುತ್ತವೆ. ಪದ ಅದೇ ಆದರೂ ಡಿಸ್ಕಿಗೆ ಕೇಳಿಸಿದ್ದು ಬೇರೆ.

ಡಿಸ್ಕಿನ ಪಾಸ್‌ವರ್ಡಿನಲ್ಲೂ ಜೋಡಿ ಇದೆ: ಯೂಸರ್ ಮತ್ತು ಮಾಸ್ಟರ್. ಮೇಲಿನ ಯೂಸರ್‌ಗೂ ಈ ಯೂಸರ್‌ಗೂ ಹೆಸರು ಬಿಟ್ಟರೆ ಯಾವ ನಂಟೂ ಇಲ್ಲ. ಮಾಸ್ಟರ್ ಕಚೇರಿಯವರ ಕೈಯಲ್ಲಿರುವ ಎರಡನೆಯ ಚಾವಿ. ಭದ್ರತೆಯ ಮಟ್ಟ ಹೈ ಎಂದಿದ್ದರೆ ಯೂಸರ್ ಮರೆತರೂ ಮಾಸ್ಟರ್ ಹಾಕಿ ಫೈಲುಗಳನ್ನು ಉಳಿಸಿಕೊಳ್ಳಬಹುದು. ಮ್ಯಾಕ್ಸಿಮಮ್ ಎಂದಿದ್ದರೆ ಮಾಸ್ಟರ್‌ನಿಂದ ಆಗುವುದು ಒಂದೇ: ಡಿಸ್ಕನ್ನು ಪೂರ್ತಿ ಅಳಿಸಿ ಬೀಗ ತೆಗೆಯುವುದು. ಎರಡನೆಯ ಗಿರಾಕಿ ಮಾಸ್ಟರ್ ಇಟ್ಟುಕೊಂಡಿರಲಿಲ್ಲ.

ಈ ಬೀಗದ ಅತಿ ಪ್ರಸಿದ್ಧ ಬಳಕೆ ಕಚೇರಿಯದಲ್ಲ, ಆಟದ್ದು. ಮೈಕ್ರೋಸಾಫ್ಟ್ 2001ರಲ್ಲಿ ಹೊರತಂದ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಮಾಮೂಲಿ ಹಾರ್ಡ್ ಡಿಸ್ಕ್ ಇತ್ತು, ಅದಕ್ಕೆ ಎಟಿಎ ಬೀಗ ಹಾಕಲಾಗಿತ್ತು. ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಪಾಸ್‌ವರ್ಡ್, ಅದರ ಮೂಲ ಬೋರ್ಡಿನ ಚಿಪ್ಪಿನಲ್ಲಿ. ಹವ್ಯಾಸಿಗಳು ಪಾಸ್‌ವರ್ಡ್ ಒಡೆಯುವ ಗೋಜಿಗೇ ಹೋಗದೆ ಒಂದು ದಾರಿ ಕಂಡುಕೊಂಡರು. ಎಕ್ಸ್‌ಬಾಕ್ಸ್ ಆನ್ ಮಾಡಿ, ಅದೇ ತನ್ನ ಡಿಸ್ಕಿನ ಬೀಗ ತೆಗೆಯುವವರೆಗೆ ಕಾದು, ಕರೆಂಟಿನ ವೈರ್ ಮುಟ್ಟದೆ ಡೇಟಾ ಕೇಬಲ್ ಒಂದನ್ನೇ ಕಿತ್ತು ಪಕ್ಕದ ಕಂಪ್ಯೂಟರಿಗೆ ಚುಚ್ಚಿದರು. ಡಿಸ್ಕಿಗೆ ಕೇಬಲ್ ಬದಲಾದದ್ದು ತಿಳಿಯಲಿಲ್ಲ. ಒಮ್ಮೆ ತೆರೆದ ಬೀಗ ಕರೆಂಟ್ ಹೋಗುವ ತನಕ ತೆರೆದೇ ಇರುತ್ತದೆ; ಈ ಪಾಸ್‌ವರ್ಡ್ ಕಾಯುವುದು ಆಫ್ ಆಗಿರುವ ಡಿಸ್ಕನ್ನು, ಓಡುತ್ತಿರುವುದನ್ನಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಹಳೆಯ ಡಿಸ್ಕುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿ ಇರುವುದಿಲ್ಲ. ಬಾಗಿಲಿಗೆ ಕಾವಲುಗಾರನಿದ್ದಾನೆ ಅಷ್ಟೆ, ತಿಜೋರಿ ಇಲ್ಲ. ಡೇಟಾ ಮರಳಿಸುವ ವಿಶೇಷ ಉಪಕರಣಗಳು ಕೆಲವು ಮಾದರಿಗಳಲ್ಲಿ ಅವನನ್ನು ದಾಟಿ ಹೋಗುತ್ತವೆ. ಎಷ್ಟೋ ಎಸ್ಎಸ್‌ಡಿಗಳು ಬರೆದದ್ದನ್ನೆಲ್ಲ ತಾವೇ ಗೂಢಲಿಪಿಗೆ ತಿರುಗಿಸುತ್ತವೆ, ಹಾಗಾಗಿ ಅಲ್ಲಿ ತಿಜೋರಿಯೂ ಉಂಟು ಎಂಬ ನಂಬಿಕೆಯಿತ್ತು. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಕಾರ್ಲೊ ಮೇಯರ್ ಮತ್ತು ಬರ್ನಾರ್ಡ್ ವಾನ್ ಗಾಸ್ಟೆಲ್ ಕೆಲವು ಜನಪ್ರಿಯ ಎಸ್ಎಸ್‌ಡಿಗಳನ್ನು ಬಿಚ್ಚಿ ನೋಡಿದರು. ಕ್ರೂಷಿಯಲ್ ಎಂಎಕ್ಸ್100ರಂಥ ಮಾದರಿಗಳಲ್ಲಿ ಬಳಕೆದಾರನ ಪಾಸ್‌ವರ್ಡಿಗೂ ಒಳಗಿನ ಗೂಢಲಿಪಿಯ ಕೀಲಿಗೂ ಸಂಬಂಧವೇ ಇರಲಿಲ್ಲ. ಡಿಸ್ಕಿನ ತಂತ್ರಾಂಶದಲ್ಲಿ ಪಾಸ್‌ವರ್ಡ್ ಸರಿಯೇ ಎಂದು ನೋಡುವ ಜಾಗವನ್ನು ತಿದ್ದಿದರೆ ಯಾವ ಪಾಸ್‌ವರ್ಡಾದರೂ ಸರಿಯೆನಿಸುತ್ತಿತ್ತು. ಮುಂದೆ ವಿಂಡೋಸ್‌ನ ಬಿಟ್‌ಲಾಕರ್ ಡಿಸ್ಕಿನ ಮಾತು ನಂಬಿ ಸುಮ್ಮನಿರುವ ರೂಢಿ ಬಿಟ್ಟು, ಗೂಢಲಿಪಿಯ ಕೆಲಸವನ್ನು ತಾನೇ ಮಾಡತೊಡಗಿತು.

ಇಷ್ಟಾದ ಮೇಲೆ ಮೊದಲ ಗಿರಾಕಿಯ ಲ್ಯಾಪ್‌ಟಾಪನ್ನು ಮತ್ತೊಮ್ಮೆ ನೋಡಬಹುದು. ಅದನ್ನು ಮಾರಿದ ಕಂಪನಿ ಫೈಲುಗಳ ವಿಷಯದಲ್ಲಿ ಎಚ್ಚರವಾಗಿಯೇ ಇತ್ತು, ಡಿಸ್ಕ್ ಪೂರ್ತಿ ಅಳಿಸಿ ಕಳಿಸಿತ್ತು. ಬೋರ್ಡಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ತೆಗೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅದು ಆ ಫೈಲುಗಳನ್ನು ಎಂದೂ ಕಾದಿರಲಿಲ್ಲ. ಈಗ ಕಾಯುತ್ತಿರುವುದು ಹೊಸ ಮಾಲೀಕನ ವಿರುದ್ಧ. ಬಲ್ಲ ವ್ಯಾಪಾರಿಗಳು ಇಂಥ ಮಾಲನ್ನು ವಿಂಡೋಸ್ ಬರುವ ತನಕ ಕಾದು ಪರೀಕ್ಷಿಸುವುದಿಲ್ಲ. ಆನ್ ಮಾಡಿದ ಕೂಡಲೇ ಡೆಲ್ ಆದರೆ F2, ಎಚ್‌ಪಿ ಆದರೆ F10, ಥಿಂಕ್‌ಪ್ಯಾಡ್ ಆದರೆ F1 ಒತ್ತಿ ಸೆಟಪ್ ತೆರೆದು, ಬೂಟ್ ಕ್ರಮದ ಒಂದು ಸಾಲನ್ನು ಮೇಲೆ ಕೆಳಗೆ ಸರಿಸಿ ನೋಡುತ್ತಾರೆ. ಸಾಲು ಸರಿದರಷ್ಟೇ ಚೌಕಾಸಿ ಶುರು.