ಒಲಿಂಪಸ್ ಬೆಟ್ಟದ ಮೇಲೆ ಹನ್ನೆರಡು ನರಗಳು

ವೈದ್ಯಕೀಯ ಓದುವ ಮೊದಲ ವರ್ಷದ ಹುಡುಗ ಹುಡುಗಿಯರ ಬಾಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಸದಾ ಓಡಾಡುತ್ತಿರುತ್ತದೆ: ‘ಆನ್ ಓಲ್ಡ್ ಒಲಿಂಪಸ್ ಟವರಿಂಗ್ ಟಾಪ್, ಎ ಫಿನ್ ಆ್ಯಂಡ್ ಜರ್ಮನ್ ವ್ಯೂಡ್ ಸಮ್ ಹಾಪ್ಸ್.’ ಹಳೆಯ ಒಲಿಂಪಸ್ ಬೆಟ್ಟದ ತುದಿಯಲ್ಲಿ ಒಬ್ಬ ಫಿನ್‌ಲೆಂಡಿನವನೂ ಒಬ್ಬ ಜರ್ಮನಿಯವನೂ ನಿಂತು ಹಾಪ್ಸ್ ಬಳ್ಳಿಗಳನ್ನು ನೋಡಿದರಂತೆ. ಈ ಅರ್ಥ ಯಾರಿಗೂ ಬೇಕಿಲ್ಲ. ಹನ್ನೆರಡು ಪದಗಳ ಮೊದಲ ಅಕ್ಷರ ಹಿಡಿದು ಹೋದರೆ ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳ ಹೆಸರು ಸಾಲಾಗಿ ಬರುತ್ತವೆ. ಮೊದಲು ವಾಸನೆಯ ಆಲ್‌ಫ್ಯಾಕ್ಟರಿ, ಆಮೇಲೆ ದೃಷ್ಟಿಯ ಆಪ್ಟಿಕ್, ಕಣ್ಣು ಹೊರಳಿಸುವ ಆಕ್ಯುಲೊಮೋಟರ್. ಹೀಗೆ ಸಾಗಿ ಕೊನೆಯಲ್ಲಿ ನಾಲಿಗೆ ಆಡಿಸುವ ಹೈಪೊಗ್ಲಾಸಲ್. ನೆನಪಿಗೆಂದು ಹೆಣೆದ ಇಂಥ ಸೂತ್ರಗಳನ್ನು ವಿದ್ಯಾರ್ಥಿಗಳು ನಿಮೋನಿಕ್ ಎನ್ನುತ್ತಾರೆ.

ಹನ್ನೆರಡು ಎಂಬ ಈ ಎಣಿಕೆಯನ್ನು ಕೊಟ್ಟವನು ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್ ಎಂಬ ಜರ್ಮನ್ ಅಂಗರಚನಾ ತಜ್ಞ, 1778ರಲ್ಲಿ. ಅವನಿಗೂ ಮುಂಚೆ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂದಿನ ಏಳನೆಯ ಮತ್ತು ಎಂಟನೆಯ ನರಗಳನ್ನು ಒಂದೇ ಎಂದು ಎಣಿಸಿದ್ದ. ಸೋಮರಿಂಗ್ ಮಿದುಳಿನ ತಳವನ್ನು ಮುಂದಿನಿಂದ ಹಿಂದಕ್ಕೆ ನೋಡುತ್ತಾ ಸಂಖ್ಯೆ ಹಾಕಿದ. ಅಂದರೆ ಇದು ನಿಜಕ್ಕೂ ಒಂದು ಪಟ್ಟಿ. ಪಟ್ಟಿಗೆ ಒಲಿಂಪಸ್ ವಾಕ್ಯ ಒಪ್ಪುತ್ತದೆ. ಪರೀಕ್ಷೆಯ ಗಾಬರಿಯಲ್ಲಿ ಒಂಬತ್ತನೆಯ ನರ ಯಾವುದೆಂದು ಕೇಳಿದರೆ ಬೆರಳು ಮಡಚುತ್ತಾ ‘ಜರ್ಮನ್’ವರೆಗೆ ಬಂದು, ಗ್ಲಾಸೊಫ್ಯಾರಿಂಜಿಯಲ್ ಎಂದು ಹೇಳಬಹುದು.

ಆದರೆ ಈ ವಾಕ್ಯ ಕೊಡುವುದು ಅಕ್ಷರಗಳನ್ನು ಮಾತ್ರ. ಮೊದಲ ಮೂರೂ ‘ಓ’, ನಾಲ್ಕು ಐದು ಎರಡೂ ‘ಟಿ’. ಯಾವ ‘ಟಿ’ ಮೊದಲು ಎಂಬುದನ್ನು ವಾಕ್ಯ ಹೇಳುವುದಿಲ್ಲ. ಹಾಗಾಗಿಯೇ ಮುಖದ ಸ್ಪರ್ಶಕ್ಕೆ ಕಾರಣವಾದ ಟ್ರೈಜೆಮಿನಲ್ ನರವನ್ನು ನಾಲ್ಕನೆಯದೆಂದು ಬರೆಯುವವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ಎಂಟನೆಯ ನರವನ್ನು ಹಿಂದೆ ಆಡಿಟರಿ ಎನ್ನುತ್ತಿದ್ದರು, ಇಂದಿನ ಪುಸ್ತಕಗಳಲ್ಲಿ ಅದು ವೆಸ್ಟಿಬ್ಯುಲೊಕಾಕ್ಲಿಯರ್. ಹೆಸರು ಬದಲಾಯಿತು, ವಾಕ್ಯ ಹಾಗೇ ಉಳಿಯಿತು. ಓದುವವರು ಒಂದು ಹಳೆಯ ಹೆಸರು, ಒಂದು ಹೊಸ ಹೆಸರು ಎರಡನ್ನೂ ಹೊರಬೇಕಾಯಿತು.

ಇಷ್ಟು ತೊಂದರೆಯನ್ನು ಸಹಿಸಿಕೊಳ್ಳಬಹುದು. ನನಗೆ ಹೆಚ್ಚು ಆತಂಕ ತರುವುದು ಇದರ ಬೆನ್ನಿಗೇ ಕಲಿಸುವ ಇನ್ನೊಂದು ವಾಕ್ಯ: ‘ಸಮ್ ಸೇ ಮ್ಯಾರಿ ಮನಿ, ಬಟ್ ಮೈ ಬ್ರದರ್ ಸೇಸ್ ಬಿಗ್ ಬ್ರೇನ್ಸ್ ಮ್ಯಾಟರ್ ಮೋರ್.’ ಇಲ್ಲಿ ‘ಎಸ್’ ಬಂದರೆ ಆ ನರ ಸಂವೇದನೆಯದು, ‘ಎಮ್’ ಬಂದರೆ ಚಲನೆಯದು, ‘ಬಿ’ ಬಂದರೆ ಎರಡೂ. ಮೂರನೆಯ ನರಕ್ಕೆ ‘ಎಮ್’, ಅಂದರೆ ಕಣ್ಣಿನ ಸ್ನಾಯುಗಳನ್ನು ಆಡಿಸುವುದಷ್ಟೇ ಅದರ ಕೆಲಸ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದೇ ನರದ ಹೊರಮೈಯಲ್ಲಿ ಪಾಪೆಯನ್ನು ಕಿರಿದುಗೊಳಿಸುವ ಸಣ್ಣ ಎಳೆಗಳೂ ಸಾಗುತ್ತವೆ. ‘ಎಮ್’ ಅಕ್ಷರದಲ್ಲಿ ಅವುಗಳ ಸುಳಿವಿಲ್ಲ.

ಒಬ್ಬರ ಬಲಗಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿದೆ ಎಂದುಕೊಳ್ಳಿ. ರೆಪ್ಪೆ ಎತ್ತಿ ನೋಡಿದರೆ ಕಣ್ಣು ಹೊರಕ್ಕೂ ಕೆಳಕ್ಕೂ ತಿರುಗಿ ನಿಂತಿದೆ. ಇಲ್ಲಿ ಮತ್ತೊಂದು ಸೂತ್ರ ಚೆನ್ನಾಗಿ ಕೈಹಿಡಿಯುತ್ತದೆ. ರಸಾಯನಶಾಸ್ತ್ರದ ಸೂತ್ರದಂತೆ ಕಾಣುವ ‘ಎಲ್‌ಆರ್ 6, ಎಸ್‌ಓ 4’: ಕಣ್ಣನ್ನು ಹೊರಕ್ಕೆಳೆಯುವ ಲ್ಯಾಟರಲ್ ರೆಕ್ಟಸ್ ಸ್ನಾಯುವಿಗೆ ಆರನೆಯ ನರ, ಕೆಳಕ್ಕೆಳೆಯುವ ಸುಪೀರಿಯರ್ ಆಬ್ಲಿಕ್ ಸ್ನಾಯುವಿಗೆ ನಾಲ್ಕನೆಯದು, ಉಳಿದವಕ್ಕೆಲ್ಲ ಮೂರನೆಯದು. ಮೂರನೆಯದು ಕೈಕೊಟ್ಟರೆ ಆ ಎರಡು ಸ್ನಾಯುಗಳಿಗೆ ಎದುರಾಳಿಯೇ ಇಲ್ಲ. ಕಣ್ಣು ಹೊರಕ್ಕೆ ಮತ್ತು ಕೆಳಕ್ಕೆ ಹೋಗಲೇಬೇಕು. ಇದನ್ನು ಬೇರೆಯಾಗಿ ಕಂಠಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಮುಂದಿನ ಹೆಜ್ಜೆ ಟಾರ್ಚ್ ಹಿಡಿದು ಪಾಪೆ ನೋಡುವುದು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನರದ ಒಳತಿರುಳಿಗೆ ರಕ್ತ ಕಡಿಮೆಯಾಗಿ ಹೀಗಾದರೆ, ಹೊರಮೈಯ ಎಳೆಗಳು ಸಾಮಾನ್ಯವಾಗಿ ಉಳಿಯುತ್ತವೆ. ಪಾಪೆ ಬೆಳಕಿಗೆ ಎಂದಿನಂತೆ ಕಿರಿದಾಗುತ್ತದೆ. ಮಿದುಳಿನ ತಳದ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಹೊರಗಿನಿಂದ ನರವನ್ನು ಒತ್ತುತ್ತಿದ್ದರೆ ಮೊದಲು ಕೆಡುವುದು ಆ ಹೊರಮೈಯ ಎಳೆಗಳೇ. ಪಾಪೆ ಅಗಲವಾಗಿ ಹಾಗೇ ನಿಲ್ಲುತ್ತದೆ. ಉಬ್ಬಿದ ನಾಳ ಒಡೆದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಆ ಕ್ಷಣವೇ ರಕ್ತನಾಳಗಳ ಸ್ಕ್ಯಾನ್ ಆಗಬೇಕು. ಪಾಪೆಯ ಈ ಗುರುತು ನೂರಕ್ಕೆ ನೂರು ನಂಬುವಂಥದ್ದಲ್ಲ, ಪಾಪೆ ಸರಿಯಿದ್ದರೂ ಸ್ಕ್ಯಾನ್ ಮಾಡಿಸುವ ಸಂದರ್ಭಗಳಿವೆ. ಆದರೆ ‘ಮೂರಕ್ಕೆ ಎಮ್’ ಎಂದಷ್ಟೇ ಕಲಿತವರಿಗೆ ಪಾಪೆಯತ್ತ ಟಾರ್ಚ್ ಹಿಡಿಯಬೇಕೆಂದೇ ಹೊಳೆಯಲಿಕ್ಕಿಲ್ಲ.

ಸೂತ್ರಗಳಲ್ಲಿ ಹೀಗೆ ಎರಡು ಜಾತಿ. ಛಂದಸ್ಸಿನ ಪಾಠದಲ್ಲಿ ನಾವು ಕಲಿತ ‘ಯಮಾತಾರಾಜಭಾನಸಲಗಂ’ ನೆನಪಿಸಿಕೊಳ್ಳಿ. ‘ಯಮಾತಾ’ ಎಂದರೆ ಒಂದು ಲಘು, ಎರಡು ಗುರು, ಅದೇ ಯಗಣ. ಒಂದಕ್ಷರ ಮುಂದೆ ಸರಿದು ‘ಮಾತಾರಾ’ ಎಂದರೆ ಮೂರೂ ಗುರು, ಅದೇ ಮಗಣ. ಗಣದ ಹೆಸರೂ ಅದರ ಸ್ವರೂಪವೂ ಒಂದೇ ಉಸಿರಿನಲ್ಲಿವೆ. ಕಣ್ಣಿನ ಸ್ನಾಯುಗಳ ಸೂತ್ರ ಈ ಜಾತಿಗೆ ಹತ್ತಿರ. ಒಲಿಂಪಸ್ ವಾಕ್ಯದಲ್ಲಿ ನರದ ಸ್ವರೂಪದ ಒಂದು ಎಳೆಯೂ ಇಲ್ಲ.

ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಜಾಲಕ್ಕೆ, ಅಂದರೆ ಬ್ರೇಕಿಯಲ್ ಪ್ಲೆಕ್ಸಸ್‌ಗೆ ಬಂದಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಬೆನ್ನುಹುರಿಯಿಂದ ಐದು ಬೇರುಗಳು ಹೊರಡುತ್ತವೆ: ಸಿ5, ಸಿ6, ಸಿ7, ಸಿ8, ಟಿ1. ಮೇಲಿನ ಎರಡು ಕೂಡಿ ಒಂದು ಕಾಂಡ, ನಡುವಿನದು ತಾನೇ ಒಂದು ಕಾಂಡ, ಕೆಳಗಿನ ಎರಡು ಕೂಡಿ ಮತ್ತೊಂದು. ಪ್ರತಿ ಕಾಂಡವೂ ಮುಂದಿನ ಕವಲು, ಹಿಂದಿನ ಕವಲು ಎಂದು ಒಡೆಯುತ್ತದೆ. ಆರು ಕವಲುಗಳು ಮತ್ತೆ ಕೂಡಿ ಮೂರು ಹುರಿಗಳಾಗಿ, ಅವುಗಳಿಂದ ತೋಳಿನ ಐದು ದೊಡ್ಡ ನರಗಳು ಹುಟ್ಟುತ್ತವೆ. ಈ ಹಂತಗಳಿಗೆ ‘ರಾಬರ್ಟ್ ಟೇಲರ್ ಡ್ರಿಂಕ್ಸ್ ಕೋಲ್ಡ್ ಬಿಯರ್’ ಎಂಬ ವಾಕ್ಯ, ಐದು ನರಗಳಿಗೆ ‘ಮಾರ್ಮು’ ಎಂಬ ಪದ: ಮಸ್ಕ್ಯುಲೊಕ್ಯುಟೇನಿಯಸ್, ಆ್ಯಕ್ಸಿಲರಿ, ರೇಡಿಯಲ್, ಮೀಡಿಯನ್, ಅಲ್ನರ್.

ಇವನ್ನು ಎಷ್ಟು ಚೆನ್ನಾಗಿ ಒಪ್ಪಿಸಿದರೂ ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದು ತಿಳಿಯುವುದಿಲ್ಲ. ನರಜಾಲದ ಸತ್ವವಿರುವುದು ಆ ಕೂಡಿಕೆಯಲ್ಲೇ. ಹಿಂದಿನ ಮೂರೂ ಕವಲುಗಳು ಒಂದೇ ಹುರಿಯಲ್ಲಿ ಸೇರುತ್ತವೆ, ಕೈಯನ್ನು ನೀಳವಾಗಿ ಚಾಚುವ ಸ್ನಾಯುಗಳು ಆ ಹುರಿಯಿಂದ ಬಂದ ರೇಡಿಯಲ್ ನರಕ್ಕೆ ಸೇರಿದವು. ಇದನ್ನು ಒಮ್ಮೆ ಗೆರೆ ಎಳೆದು ಕಂಡವರಿಗೆ ರೇಡಿಯಲ್ ನರಕ್ಕೆ ಪೆಟ್ಟಾದಾಗ ಮಣಿಕಟ್ಟು ಏಕೆ ಜೋತುಬೀಳುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ರಸ್ತೆಗಳಲ್ಲಿ ಈ ನರಜಾಲ ಹರಿಯುವುದು ಹೆಚ್ಚಾಗಿ ಬೈಕ್ ಅಪಘಾತದಲ್ಲಿ. ಸವಾರ ಹೆಗಲಿನ ಮೇಲೆ ಬೀಳುತ್ತಾನೆ, ತಲೆ ಆಚೆಗೆ ವಾಲುತ್ತದೆ, ಕುತ್ತಿಗೆಗೂ ಹೆಗಲಿಗೂ ನಡುವಿನ ನರಗಳು ಸೆಳೆದುಕೊಳ್ಳುತ್ತವೆ. ಮೊದಲು ಹರಿಯುವುದು ಮೇಲಿನ ಸಿ5, ಸಿ6. ತೋಳು ಪಕ್ಕದಲ್ಲಿ ಜೋತು, ಒಳಮುಖವಾಗಿ ತಿರುಗಿ, ಮೊಣಕೈ ನೆಟ್ಟಗಾಗಿ, ಅಂಗೈ ಹಿಂದಕ್ಕೆ ತೆರೆದು ನಿಲ್ಲುತ್ತದೆ. ಯಾರಿಗೂ ಕಾಣದಂತೆ ಹಿಂದಿನಿಂದ ಭಕ್ಷೀಸು ಪಡೆಯುವ ಕೈಯಂತೆ ಇದೆಯೆಂದು ಇದನ್ನು ‘ಪೊಲೀಸ್‌ಮನ್ಸ್ ಟಿಪ್’ ಎನ್ನುವುದುಂಟು. 1874ರಲ್ಲಿ ಇದನ್ನು ವಿವರಿಸಿದ ವಿಲ್ಹೆಲ್ಮ್ ಎರ್ಬ್‌ನ ಹೆಸರಿನಿಂದ ಎರ್ಬ್ ಪಾರ್ಶ್ವವಾಯು ಎಂದೂ ಕರೆಯುತ್ತಾರೆ. ತೋಳು ಎತ್ತುವ ಡೆಲ್ಟಾಯ್ಡ್ ಇಲ್ಲ, ಹೊರಕ್ಕೆ ತಿರುಗಿಸುವ ಸ್ನಾಯುಗಳಿಲ್ಲ, ಮೊಣಕೈ ಮಡಚಿ ಅಂಗೈಯನ್ನು ಮೇಲ್ಮುಖ ಮಾಡುವ ಬೈಸೆಪ್ಸ್ ಇಲ್ಲ. ಉಳಿದವು ಎಳೆದ ಕಡೆಗೆ ಕೈ ತಿರುಗಿದೆ.

ಈ ಚಿತ್ರ ರೋಗವನ್ನು ಗುರುತಿಸಲು ಸಾಕು. ಚಿಕಿತ್ಸೆಗೆ ಸಾಲದು. ಒಂದೇ ಭಂಗಿಯಲ್ಲಿ ಕೈ ಇಳಿಬಿಟ್ಟ ಇಬ್ಬರಲ್ಲಿ ಒಬ್ಬನಿಗೆ ಬೇರುಗಳು ಕೂಡಿದ ಮೇಲಿನ ಕಾಂಡದಲ್ಲಿ ಹರಿದಿರಬಹುದು, ಇನ್ನೊಬ್ಬನಿಗೆ ಬೇರುಗಳೇ ಬೆನ್ನುಹುರಿಯಿಂದ ಕಿತ್ತು ಬಂದಿರಬಹುದು. ಕಾಂಡದಲ್ಲಿ ಹರಿದಿದ್ದರೆ ಕಾಲಿನಿಂದ ನರದ ತುಂಡು ತಂದು ಬೆಸೆಯುವ ದಾರಿ ಇದೆ. ಕಿತ್ತು ಬಂದ ಬೇರನ್ನು ಹಾಗೆ ಬೆಸೆಯಲಾಗುವುದಿಲ್ಲ.

ಇವನ್ನು ಬೇರೆ ಮಾಡುವುದು ಹೇಗೆ? ನರಜಾಲದ ಚಿತ್ರ ಮನಸ್ಸಿನಲ್ಲಿದ್ದವರು ಹೀಗೆ ಯೋಚಿಸುತ್ತಾರೆ: ಕಾಂಡ ಹುಟ್ಟುವ ಮುಂಚೆಯೇ ಬೇರಿನಿಂದ ಕವಲೊಡೆಯುವ ನರ ಯಾವುದು? ಬೆನ್ನಿನ ಅಗಲ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ಎಳೆಯುವ ರಾಂಬಾಯ್ಡ್ ಸ್ನಾಯುಗಳ ನರ ಸಿ5 ಬೇರಿನಿಂದಲೇ ಹೊರಡುತ್ತದೆ. ರೋಗಿಯನ್ನು ಬೆನ್ನು ಬಿಗಿಯಲು ಹೇಳಿ, ಮೂಳೆಯ ಒಳ ಅಂಚಿನಲ್ಲಿ ಬೆರಳಿಟ್ಟು ನೋಡುತ್ತಾರೆ. ಟ್ರಪೀಜಿಯಸ್ ಸ್ನಾಯುವೂ ಅದೇ ಕೆಲಸ ಮಾಡುವುದರಿಂದ ಕಣ್ಣಳತೆಯನ್ನು ನಂಬುವಂತಿಲ್ಲ. ರಾಂಬಾಯ್ಡ್ ಗಟ್ಟಿಯಾದರೆ ಸಿ5 ಬೇರು ಉಳಿದಿರುವ ಸಾಧ್ಯತೆ ಹೆಚ್ಚು, ಪೆಟ್ಟು ಮುಂದೆ ಎಲ್ಲೋ ಇದೆ. ಅದೂ ಸತ್ತಿದ್ದರೆ ಬೇರು ಕಿತ್ತಿರುವ ಅನುಮಾನ ಬಲವಾಗುತ್ತದೆ.

ಇಲ್ಲಿಯೇ ಒಂದು ಸಣ್ಣ ಸೂತ್ರ ಒಳ್ಳೆಯ ಕೆಲಸಕ್ಕೆ ಬರುತ್ತದೆ: ‘ಸಿ 3, 4, 5 ಕೀಪ್ಸ್ ದ ಡಯಾಫ್ರಮ್ ಅಲೈವ್.’ ಉಸಿರಾಟದ ವಪೆಯನ್ನು ಜೀವಂತ ಇಡುವುದು ಈ ಮೂರು ಬೇರುಗಳು. ಎದೆಯ ಎಕ್ಸ್‌ರೇಯಲ್ಲಿ ಪೆಟ್ಟಾದ ಕಡೆಯ ವಪೆ ಮೇಲೇರಿ ಕೂತಿದ್ದರೆ ಗಾಯ ಬೆನ್ನುಹುರಿಗೆ ತೀರ ಹತ್ತಿರದಲ್ಲಿದೆ ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಹಾಗೆಯೇ ಇಡೀ ಕೈ ಸತ್ತ ರೋಗಿಯ ಅದೇ ಕಡೆಯ ರೆಪ್ಪೆ ಸ್ವಲ್ಪ ಜೋತು, ಪಾಪೆ ಕಿರಿದಾಗಿದ್ದರೆ ಟಿ1 ಬೇರು ಕಿತ್ತಿರಬಹುದು, ಏಕೆಂದರೆ ಪಾಪೆಯನ್ನು ಅಗಲಿಸುವ ಎಳೆಗಳು ಆ ಬೇರಿನ ಬಳಿಯೇ ಬೆನ್ನುಹುರಿಯನ್ನು ಬಿಡುತ್ತವೆ. ರೆಪ್ಪೆ ಜೋತಿತೆಂದರೆ ಮೂರನೆಯ ನರ ಎಂದು ಉರುಹೊಡೆದವರು ಇಲ್ಲಿ ತಪ್ಪು ದಾರಿ ಹಿಡಿಯುತ್ತಾರೆ. ಅಲ್ಲಿ ಪಾಪೆ ಅಗಲವಾಗಿತ್ತು, ಇಲ್ಲಿ ಕಿರಿದು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ನರಜಾಲ ಕಲಿಯುವವರು ಮೊದಲು ಖಾಲಿ ಹಾಳೆಯ ಮೇಲೆ ಐದು ಬೇರುಗಳಿಂದ ಐದು ನರಗಳವರೆಗೆ ಗೆರೆ ಎಳೆಯಬೇಕು, ಪುಸ್ತಕ ಮುಚ್ಚಿ ಮತ್ತೆ ಎಳೆಯಬೇಕು. ‘ಮಾರ್ಮು’ ಆಮೇಲೆ ಬರಲಿ, ಬರೆದದ್ದರಲ್ಲಿ ಯಾವುದಾದರೂ ನರ ಬಿಟ್ಟುಹೋಯಿತೇ ಎಂದು ಎಣಿಸಿ ನೋಡುವುದಕ್ಕೆ. ಹನ್ನೆರಡು ನರಗಳ ಪಟ್ಟಿಗೂ ಒಲಿಂಪಸ್‌ಗಿಂತ ‘ನಾಲ್ಕು, ನಾಲ್ಕು, ನಾಲ್ಕು’ ಎಂಬ ಲೆಕ್ಕ ಮೇಲು. ಮಿದುಳಕಾಂಡದ ನಡುವೆ ಪಾನ್ಸ್ ಎಂಬ ಭಾಗವಿದೆ: ಮೊದಲ ನಾಲ್ಕು ನರ ಅದರ ಮೇಲ್ಗಡೆಯವು, ಮುಂದಿನ ನಾಲ್ಕು ಅದರವೇ, ಕೊನೆಯ ನಾಲ್ಕು ಅದರ ಕೆಳಗಿನವು. ಒಂದೇ ಕಡೆ ಆರನೆಯದೂ ಏಳನೆಯದೂ ಒಟ್ಟಿಗೆ ಕೆಟ್ಟರೆ ಪಾನ್ಸ್‌ನಲ್ಲಿ ಹುಡುಕಬೇಕೆಂದು ಈ ಲೆಕ್ಕವೇ ಸೂಚಿಸುತ್ತದೆ. ಇದಕ್ಕೂ ಒಂದು ಅಪವಾದ ಹನ್ನೊಂದನೆಯ ನರ. ಅದರ ಎಳೆಗಳು ಕುತ್ತಿಗೆಯ ಬೆನ್ನುಹುರಿಯಲ್ಲಿ ಹುಟ್ಟಿ, ಮೇಲೇರಿ ತಲೆಬುರುಡೆಯೊಳಗೆ ಹೋಗಿ, ಮತ್ತೆ ಹೊರಬಂದು ಟ್ರಪೀಜಿಯಸ್ ಸ್ನಾಯುವಿಗೆ ಇಳಿಯುತ್ತವೆ.

ಈ ಹನ್ನೊಂದನೆಯದೇ ಬೈಕ್ ಅಪಘಾತದ ಸವಾರನಿಗೆ ನೆರವಾಗುತ್ತದೆ. ನರಜಾಲಕ್ಕೆ ಸೇರದ ನರವಾದ್ದರಿಂದ ಬೇರುಗಳು ಕಿತ್ತರೂ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಶಸ್ತ್ರವೈದ್ಯರು ಮೊದಲು ರೋಗಿಗೆ ಹೆಗಲು ಕುಣಿಸಲು ಹೇಳಿ ಅದು ಗಟ್ಟಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ. ಟ್ರಪೀಜಿಯಸ್‌ನ ಮೇಲ್ಭಾಗಕ್ಕೆ ಹೋಗುವ ಕವಲುಗಳನ್ನು ಉಳಿಸಿ, ಅದರ ಕೆಳತುದಿಯನ್ನು ಕತ್ತರಿಸಿ, ಹೆಗಲಿನ ಸುಪ್ರಾಸ್ಕ್ಯಾಪುಲರ್ ನರಕ್ಕೆ ಜೋಡಿಸುತ್ತಾರೆ. ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತವೆ. ನರವಿಲ್ಲದ ಸ್ನಾಯು ವರ್ಷ, ಒಂದೂವರೆ ವರ್ಷದೊಳಗೆ ಹೊಸ ಎಳೆಗಳನ್ನು ಸ್ವೀಕರಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ಜೋಡಣೆಯನ್ನು ಅಪಘಾತವಾದ ಮೂರರಿಂದ ಆರು ತಿಂಗಳೊಳಗೆ ಮಾಡಲು ನೋಡುತ್ತಾರೆ, ಅಷ್ಟರಲ್ಲಿ ರೋಗಿ ಸರಿಯಾದ ಆಸ್ಪತ್ರೆ ತಲುಪಿರಬೇಕು.