ಬಾರ್ ಮೇಲಿನ ಮುಂದಿನ ಎರಡೂವರೆ ಕಿಲೋ

ಜಿಮ್‌ಗೆ ಸೇರುವಾಗ ತುಂಬಿಸಿಕೊಳ್ಳುವ ಫಾರಂನಲ್ಲಿ ಎತ್ತರ, ತೂಕ, ಬಿ.ಪಿ., ಶುಗರ್ ಆದ ಮೇಲೆ ಇನ್ನೊಂದು ಪ್ರಶ್ನೆ ಇರುವುದುಂಟು: ನೀವು ಬಿಗಿನರ್ರೋ, ಇಂಟರ್‌ಮೀಡಿಯೆಟ್ಟೋ, ಅಡ್ವಾನ್ಸ್‌ಡೋ? ಬಿಗಿನರ್ ಅಂದುಕೊಳ್ಳಲು ಸಂಕೋಚ, ಅಡ್ವಾನ್ಸ್‌ಡ್ ಅನ್ನಲು ಧೈರ್ಯ ಸಾಲದು. ಹಾಗಾಗಿ ಟಿಕ್ ಮಧ್ಯದ ಚೌಕಕ್ಕೆ ಬೀಳುತ್ತದೆ. ಅದನ್ನು ಯಾರೂ ಓದುವುದಿಲ್ಲ ಅನ್ನುವುದು ಬೇರೆ ಮಾತು. ಸೋಮವಾರ ಎದೆ, ಮಂಗಳವಾರ ಬೆನ್ನು, ಶನಿವಾರ ಕಾಲು ಎಂಬ ಅದೇ ಪಟ್ಟಿ ಎಲ್ಲರ ಕೈಗೂ ಬರುತ್ತದೆ.

ಈ ಪ್ರಶ್ನೆ ಕೇಳುತ್ತಿರುವುದು ಟ್ರೇನಿಂಗ್ ಏಜ್ ಅನ್ನು, ಅಂದರೆ ದೇಹಕ್ಕೆ ಭಾರದ ಕಸರತ್ತಿನಲ್ಲಿ ಎಷ್ಟು ವಯಸ್ಸಾಗಿದೆ ಎಂಬುದನ್ನು. ಅಳೆಯುವ ಸುಲಭ ದಾರಿ ಕ್ಯಾಲೆಂಡರ್. ಅಮೆರಿಕದ ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಅಸೋಸಿಯೇಷನ್‌ನ ಪಠ್ಯಪುಸ್ತಕದಲ್ಲಿ ಎರಡು ತಿಂಗಳೊಳಗಿನವರು ಬಿಗಿನರ್, ಎರಡರಿಂದ ಆರು ತಿಂಗಳಿನವರು ಇಂಟರ್‌ಮೀಡಿಯೆಟ್, ವರ್ಷ ದಾಟಿದವರು ಅಡ್ವಾನ್ಸ್‌ಡ್. ಅದೇ ಪಟ್ಟಿ ವಾರಕ್ಕೆಷ್ಟು ದಿನ ಮಾಡಿದ್ದಾರೆ, ವರಸೆ ಎಷ್ಟು ಶುದ್ಧವಾಗಿದೆ ಎಂಬುದನ್ನೂ ನೋಡುತ್ತದೆ. ಆದರೆ ಜನರ ನೆನಪಿನಲ್ಲಿ ಉಳಿಯುವುದು ತಿಂಗಳ ಲೆಕ್ಕ ಮಾತ್ರ. ಅದೇ ತೊಂದರೆ. ಐದು ವರ್ಷದಿಂದ ಅದೇ ಹತ್ತು ಕಿಲೋ ಡಂಬೆಲ್ ಎತ್ತುತ್ತಿರುವವನು ಈ ಲೆಕ್ಕದಲ್ಲಿ ಅಡ್ವಾನ್ಸ್‌ಡ್ ಆಗಿಬಿಡುತ್ತಾನೆ.

ಮಾರ್ಕ್ ರಿಪ್ಪಟೋ ಮತ್ತು ಲಾನ್ ಕಿಲ್ಗೋರ್ ತಮ್ಮ ಪುಸ್ತಕವೊಂದರಲ್ಲಿ ಹಿಡಿದ ಅಳತೆಗೋಲು ನನಗೆ ಹೆಚ್ಚು ಸರಿಯೆನಿಸುತ್ತದೆ. ಅವರು ಕೇಳುವುದು ಇಷ್ಟೆ: ಒಮ್ಮೆ ದಣಿದ ದೇಹ ಚೇತರಿಸಿಕೊಂಡು, ಮೊದಲಿಗಿಂತ ತುಸು ಹೆಚ್ಚು ಭಾರ ಎತ್ತಲು ಎಷ್ಟು ಸಮಯ ಬೇಕು? ಎರಡು ಮೂರು ದಿನ ಸಾಕಾದರೆ ಬಿಗಿನರ್. ವಾರ ಬೇಕಾದರೆ ಇಂಟರ್‌ಮೀಡಿಯೆಟ್. ತಿಂಗಳು ಅಥವಾ ಅದಕ್ಕೂ ಹೆಚ್ಚು ಬೇಕಾದರೆ ಅಡ್ವಾನ್ಸ್‌ಡ್.

ಉದಾಹರಣೆಗೆ ಇಪ್ಪತ್ತೆಂಟರ ಮಂಜುನಾಥ ಎಂಬೊಬ್ಬನನ್ನು ಊಹಿಸಿಕೊಳ್ಳೋಣ. ಕುರ್ಚಿ ಕೆಲಸ, ಆರೋಗ್ಯದ ತೊಂದರೆಯಿಲ್ಲ. ಬಾರ್ ಹೆಗಲಿಗೇರಿಸಿ ಬೈಠಕ್ ಹೊಡೆಯುವ ಸ್ಕ್ವಾಟ್ ಅನ್ನು 30 ಕಿಲೋದಲ್ಲಿ ಶುರುಮಾಡುತ್ತಾನೆ. ಐದೈದು ಸಲದ ಮೂರು ಸೆಟ್, ವಾರದಲ್ಲಿ ಮೂರು ದಿನ, ಪ್ರತಿ ಸಲವೂ 2.5 ಕಿಲೋ ಹೆಚ್ಚು. ಏಳನೇ ವಾರದ ಕೊನೆಯ ದಿನ ಬಾರ್ ಮೇಲೆ 80 ಕಿಲೋ ಇರುತ್ತದೆ.

ಇಷ್ಟು ಬೇಗ ಸ್ನಾಯು ಬೆಳೆಯಿತೇ? ಬಹುಪಾಲು ಇಲ್ಲ. ಮೊದಲ ವಾರಗಳ ಗಳಿಕೆಯಲ್ಲಿ ದೊಡ್ಡ ಪಾಲು ನರವ್ಯೂಹದ್ದು ಎಂದು ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲೇ ತೋರಿಸಿದ್ದರು. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸುವುದನ್ನು ಮಿದುಳು ಕಲಿಯುತ್ತದೆ. ಕಲಿಯಬೇಕಾದರೆ ಅದೇ ಚಲನೆಯನ್ನು ಪದೇಪದೇ ಮಾಡಬೇಕು. ಜೊತೆಗೆ ಅವನು ಎತ್ತುತ್ತಿರುವ ಭಾರ ಅವನ ನಿಜವಾದ ಮಿತಿಯಿಂದ ಇನ್ನೂ ದೂರವಿದೆ. ಆದ್ದರಿಂದ ದಣಿವೂ ಕಡಿಮೆ, ಎರಡು ದಿನದಲ್ಲಿ ಕಳೆಯುತ್ತದೆ.

ಅದೇ ಮಂಜುನಾಥನಿಗೆ ಶನಿವಾರ ಮಾತ್ರ ಕಾಲು ಎಂಬ ಪಟ್ಟಿ ಕೊಟ್ಟು, ಭಾರವನ್ನು ತಿಂಗಳಿಗೊಮ್ಮೆ ಏರಿಸಿ ಅಂದರೆ ಏನಾಗುತ್ತದೆ ನೋಡಿ. ವರ್ಷವಿಡೀ ತಪ್ಪದೆ ಬಂದರೂ ಅವನು 60 ಕಿಲೋ ಮುಟ್ಟುತ್ತಾನೆ. ಆರು ದಿನ ಬಿಟ್ಟು ಮಾಡಿದ್ದರಿಂದ ಪ್ರತಿ ಭಾನುವಾರ ಮೆಟ್ಟಿಲಿಳಿಯಲಾಗದಷ್ಟು ನೋವು. ಆ ನೋವನ್ನೇ ಫಲ ಎಂದುಕೊಂಡು ಅವನು ಖುಷಿಯಾಗಿರುತ್ತಾನೆ. ಅಂಥ ಪಟ್ಟಿ, ಒಂದೇ ದಿನ ತೊಡೆಗೆ ಹತ್ತಾರು ಭಾರೀ ಸೆಟ್ ಹೇರಿ ವಾರವಿಡೀ ಸುಧಾರಿಸಿಕೊಳ್ಳುವ ಹಳೆಯ ಹುಲಿಗಳ ಪಟ್ಟಿ.

ಇನ್ನು 80 ದಾಟಿದವನ ಕಥೆ. 82.5ರಲ್ಲಿ ಕೊನೆಯ ಸೆಟ್ ನಾಲ್ಕಕ್ಕೆ ನಿಲ್ಲುತ್ತದೆ. ಮುಂದಿನ ಸಲವೂ ಅಷ್ಟೆ, ಮೂರನೆಯ ಸಲವೂ ಅಷ್ಟೆ. ಇಲ್ಲಿ ಹಣೆಪಟ್ಟಿ ಬದಲಿಸಲು ಅವಸರಪಡಬಾರದು. ಮೊದಲು ನಿದ್ದೆ, ಊಟ ಕೇಳಬೇಕು. ಸೆಟ್‌ಗಳ ನಡುವೆ ಒಂದು ನಿಮಿಷವಷ್ಟೇ ನಿಲ್ಲುತ್ತಿದ್ದರೆ ಮೂರರಿಂದ ಐದು ನಿಮಿಷ ಕೊಡಬೇಕು. ಜಿಮ್‌ನಲ್ಲಿ ಚಿಕ್ಕ ಪ್ಲೇಟ್ ಇದೆಯೇ ನೋಡಬೇಕು: 2.5 ಕಿಲೋದ್ದೇ ಅತಿ ಚಿಕ್ಕದಾದರೆ ಎರಡು ಬದಿಗೂ ಸೇರಿ ಜಿಗಿತ ಐದು ಕಿಲೋ ಆಗುತ್ತದೆ, ಅದರಿಂದಲೇ ಎಷ್ಟೋ ಜನ ಸೋಲುತ್ತಾರೆ. ಎಲ್ಲ ಸರಿಯಿದ್ದರೆ ಭಾರವನ್ನು ಶೇಕಡ ಹತ್ತರಷ್ಟು ಇಳಿಸಿ, ಅಂದರೆ 75ಕ್ಕೆ ಬಂದು ಮತ್ತೆ ಏರಬೇಕು. ಹೀಗೆ ಒಂದೆರಡು ಸಲ ಇಳಿದು ಏರಿದರೂ ಬಂಡಿ ಅಲ್ಲೇ ಹೂತುಕೊಂಡರೆ ಆಗ ಅವನು ಇಂಟರ್‌ಮೀಡಿಯೆಟ್.

ಈಗ ಮೂರೂ ದಿನ ಒಂದೇ ಬಗೆಯಲ್ಲಿ ಎತ್ತಿಸುವಂತಿಲ್ಲ. 80 ಕಿಲೋದ ಮೂರು ಸೆಟ್ ಕೊಡುವ ದಣಿವು ಎರಡು ದಿನದಲ್ಲಿ ಕಳೆಯುವುದಿಲ್ಲ. ಅದನ್ನು ಕಡಿಮೆ ಮಾಡಿದರೆ ದೇಹಕ್ಕೆ ಬದಲಾಗುವ ಕಾರಣವೇ ಇರುವುದಿಲ್ಲ. ಅದಕ್ಕೇ ಕೆಲಸವನ್ನು ವಾರಕ್ಕೆ ಹಂಚುತ್ತಾರೆ. ಟೆಕ್ಸಸ್ ಮೆಥಡ್ ಎಂಬ ಹೆಸರಾದ ಕ್ರಮದಲ್ಲಿ ಸೋಮವಾರ ಸುಮಾರು 75 ಕಿಲೋದಲ್ಲಿ ಐದೈದರ ಐದು ಸೆಟ್, ಬುಧವಾರ 60ರಲ್ಲಿ ಹಗುರಾಗಿ ಎರಡು ಸೆಟ್, ಶುಕ್ರವಾರ 85ರಲ್ಲಿ ಐದರ ಒಂದೇ ಸೆಟ್. ಮುಂದಿನ ಶುಕ್ರವಾರ 87.5. ವಾರಕ್ಕೆ 7.5 ಕಿಲೋ ಏರುತ್ತಿದ್ದವನು ಈಗ 2.5 ಏರುತ್ತಾನೆ. ಬುಧವಾರದ ಹಗುರ ದಿನ ಸೋಮಾರಿತನವೆಂದು ಅಲ್ಲೂ ಭಾರ ಹೇರುವವರುಂಟು. ಅಂಥವರ ಶುಕ್ರವಾರ ಎರಡು ಮೂರು ವಾರದಲ್ಲೇ ಕುಸಿಯುತ್ತದೆ.

ಇನ್ನೊಂದು ಮಾತು. ಈ ಹಣೆಪಟ್ಟಿ ಮನುಷ್ಯನಿಗಲ್ಲ, ಒಂದೊಂದು ಕಸರತ್ತಿಗೆ. ತಲೆಯ ಮೇಲೆ ಎತ್ತುವ ಪ್ರೆಸ್‌ನಲ್ಲಿ ಮಂಜುನಾಥ 30 ಕಿಲೋದಲ್ಲಿದ್ದರೆ 2.5 ಕಿಲೋ ಎಂದರೆ ಶೇಕಡ ಎಂಟಕ್ಕೂ ಹೆಚ್ಚು. 80 ಕಿಲೋ ಸ್ಕ್ವಾಟ್‌ಗೆ ಅದು ಮೂರರಷ್ಟು. ಪ್ರೆಸ್ ಬೇಗ ನಿಂತದ್ದು ನೋಡಿ ಇಡೀ ಪಟ್ಟಿ ಬದಲಿಸಿದರೆ ಕಾಲಿಗೆ ನಷ್ಟ. ಬಿಟ್ಟು ಮತ್ತೆ ಬಂದವರೂ ಹೀಗೆಯೇ: ಎರಡು ವರ್ಷದ ನಂತರ ಮರಳಿದ ಅಡ್ವಾನ್ಸ್‌ಡ್ ಲಿಫ್ಟರ್ ಕೆಲವು ವಾರ ಬಿಗಿನರ್‌ನಂತೆ ಪ್ರತಿ ಸಲವೂ ಏರಬಲ್ಲ. ಐವತ್ತೈದರಲ್ಲಿ ಮೊದಲ ಸಲ ಬಾರ್ ಹಿಡಿದವರೂ ಬಿಗಿನರ್ರೇ, ಆದರೆ ಅವರಿಗೆ ವಾರಕ್ಕೆರಡು ದಿನ, ಚಿಕ್ಕ ಜಿಗಿತ ಹೊಂದುತ್ತದೆ.

ಅಡ್ವಾನ್ಸ್‌ಡ್ ಎಂದರೇನೆಂದು ತಿಳಿಯಲು ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ಅಂಕಿ ನೋಡಿದರೆ ಸಾಕು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಅವರು ಎರಡು ಎತ್ತುಗೆಗಳಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಎತ್ತಿ ಕಂಚು. ನಾಲ್ಕು ವರ್ಷಕ್ಕೆ, ಅದೂ ಹೆಚ್ಚಿನ ತೂಕದ ವಿಭಾಗಕ್ಕೆ ಹೋಗಿ, ಏರಿದ್ದು 20 ಕಿಲೋ. ಮಂಜುನಾಥ ಅಷ್ಟನ್ನು ಮೂರು ವಾರದೊಳಗೆ ಏರಿಸಿದ್ದ. ಆ ಮಟ್ಟದಲ್ಲಿ ಕೆಲವು ವಾರ ಬೇಕೆಂದೇ ದಣಿವು ಪೇರಿಸಿ, ಆಮೇಲೆ ಇಳಿಸಿ, ಕೂಟದ ದಿನಕ್ಕೆ ಶಕ್ತಿ ಮೇಲೇಳುವಂತೆ ತಿಂಗಳುಗಳ ಲೆಕ್ಕ ಹಾಕಬೇಕಾಗುತ್ತದೆ. ಉಳಿದವರಿಗೆ ಆ ತಲೆಬಿಸಿ ಬೇಕಿಲ್ಲ.

ಫಾರಂನ ಚೌಕ ಬಿಡಿ, ನೂರು ಪುಟದ ನೋಟ್‌ಬುಕ್ ಒಂದು ಕೊಳ್ಳಿ. ಪ್ರತಿ ದಿನದ ಭಾರ, ಸೆಟ್, ಎಷ್ಟು ಸಲ ಎತ್ತಿದಿರಿ ಎಂಬುದನ್ನು ಬರೆದಿಡಿ. ಹೊಸ ಪಟ್ಟಿ ಕೊಡಲು ಬಂದ ಟ್ರೇನರ್ ಅದರ ಕೊನೆಯ ಮೂರು ವಾರದ ಪುಟಗಳನ್ನು ನೋಡದಿದ್ದರೆ, ಆ ಪಟ್ಟಿ ತೆಗೆದುಕೊಳ್ಳಬೇಡಿ.