ಚಾರ್ಜ್ ಪಟ್ಟಿಯಲ್ಲಿ ಸೇರದ ಕೀಗಳು

ಕಚೇರಿಯಲ್ಲಿ ಯಾರಾದರೂ ವಯೋನಿವೃತ್ತಿಯಾದರೆ ಚಾರ್ಜ್ ಪಟ್ಟಿ ತಯಾರಾಗುತ್ತದೆ. ಬೀರುವಿನ ಬೀಗದಕೈ, ಕಡತಗಳು, ಲ್ಯಾಪ್‌ಟಾಪ್, ಗುರುತಿನ ಚೀಟಿ ಎಲ್ಲವನ್ನೂ ಎಣಿಸಿ ಕೊಟ್ಟವರು, ತೆಗೆದುಕೊಂಡವರು ಸಹಿ ಹಾಕುತ್ತಾರೆ. ಸರ್ವರ್ ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನ್ ನಿವೃತ್ತರಾದಾಗ ಇಷ್ಟು ಸಾಲದು. ಅವರ ಬಳಿ ಇರುವ ಮುಖ್ಯ ವಸ್ತುಗಳನ್ನು ಎಣಿಸಿ ಹಿಂದಕ್ಕೆ ಪಡೆಯಲಾಗದು. ಅವು ಎಲ್ಲೆಲ್ಲಿ ಕೆಲಸ ಮಾಡುತ್ತಿವೆಯೋ ಅಲ್ಲಲ್ಲಿ ಹೋಗಿ ರದ್ದು ಮಾಡಬೇಕು. ಆ ಜಾಗಗಳು ಯಾವುವು ಎಂದು ಸರಿಯಾಗಿ ಹೇಳಬಲ್ಲವರು ಹೊರಡುತ್ತಿರುವವರೇ. ಹಾಗಾಗಿ ಉತ್ತರಾಧಿಕಾರಿಗೆ ಅವರು ಬರೆದಿಡುವ ಪತ್ರವೇ ನಿಜವಾದ ಚಾರ್ಜ್ ಪಟ್ಟಿ.

ರದ್ದು ಮಾಡದಿದ್ದರೆ ಏನಾಗಬಹುದು ಎನ್ನುವುದಕ್ಕೆ ನ್ಯಾಯಾಲಯದ ದಾಖಲೆಯಲ್ಲೇ ಉದಾಹರಣೆ ಇದೆ. ಅಮೆರಿಕದ ಸಿಸ್ಕೊ ಕಂಪನಿಯ ಎಂಜಿನಿಯರ್ ಒಬ್ಬರು 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಅನುಮತಿ ಇಲ್ಲದೆ ಕಂಪನಿಯ ಕ್ಲೌಡ್ ವ್ಯವಸ್ಥೆಯೊಳಗೆ ಹೋಗಿ 456 ವರ್ಚುವಲ್ ಯಂತ್ರಗಳನ್ನು ಅಳಿಸಿಹಾಕಿದರು. ವೆಬೆಕ್ಸ್ ಟೀಮ್ಸ್ ಸೇವೆಯ 16,000ಕ್ಕೂ ಹೆಚ್ಚು ಖಾತೆಗಳು ಎರಡು ವಾರದವರೆಗೂ ನಿಂತುಹೋದವು. 2020ರಲ್ಲಿ ಅವರಿಗೆ 24 ತಿಂಗಳ ಸೆರೆವಾಸ ಆಯಿತು. ಕೆಲಸ ಬಿಟ್ಟು ಐದು ತಿಂಗಳಾದ ಮೇಲೂ ಒಳಗೆ ಹೋಗಲು ದಾರಿ ಉಳಿದಿತ್ತು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ.

ನಿವೃತ್ತರಾಗುವ ಹಿರಿಯರ ಮೇಲೆ ಅಂಥ ಅನುಮಾನ ಯಾರಿಗೂ ಬೇಕಿಲ್ಲ. ಆದರೆ ಅವರ ಮನೆಯ ಹಳೆಯ ಕಂಪ್ಯೂಟರ್ ಕಳವಾಗಬಹುದು, ಅಥವಾ ಅದನ್ನು ಯಾರಿಗಾದರೂ ಮಾರಬಹುದು. ಅದರಲ್ಲಿ ಉಳಿದ ಕೀ ಯಾರ ಕೈ ಸೇರಿದರೂ ಕೆಲಸ ಮಾಡುತ್ತದೆ. ತಮ್ಮ ಹೆಸರಿನ ಪ್ರವೇಶವನ್ನೆಲ್ಲ ರದ್ದು ಮಾಡಿಸಿಕೊಂಡು ಹೋಗುವುದು ಅವರಿಗೇ ರಕ್ಷಣೆ. ನಾಳೆ ಏನಾದರೂ ಅವಘಡವಾದರೆ ಅವರತ್ತ ಬೆರಳು ತೋರಿಸಲು ಆಧಾರ ಇರುವುದಿಲ್ಲ.

ಒಂದು ಪತ್ರವನ್ನು ಊಹಿಸಿಕೊಂಡು ನೋಡೋಣ. ಜಿಲ್ಲಾ ಕೇಂದ್ರವೊಂದರ ಕಾಲೇಜು. ಉಬುಂಟು ಲಿನಕ್ಸ್ ಇರುವ ಮೂರು ಸರ್ವರ್‌ಗಳು: ಒಂದು ಜಾಲತಾಣಕ್ಕೆ, ಒಂದು ವಿದ್ಯಾರ್ಥಿಗಳ ಫಲಿತಾಂಶಕ್ಕೆ, ಮತ್ತೊಂದು ಬ್ಯಾಕಪ್‌ಗೆ. ನಿವೃತ್ತರಾಗುತ್ತಿರುವ ಅಡ್ಮಿನ್ ಅವರ ಸ್ವಂತ ಖಾತೆಯ ಹೆಸರು `hsr`. ಇದಲ್ಲದೆ ಜಾಲತಾಣಕ್ಕೆ ಹೊಸ ಕಡತಗಳನ್ನು ಹಾಕಲು ಹಲವರು ಬಳಸುವ `deploy` ಎಂಬ ಖಾತೆಯೂ, ಸರ್ವಾಧಿಕಾರದ `root` ಖಾತೆಯೂ ಇವೆ.

ಹೊಸಬರು ಮೊದಲು ಮಾಡುವ ಕೆಲಸ `hsr` ಖಾತೆಗೆ ಬೀಗ ಹಾಕುವುದು:

```
sudo usermod -L hsr
```

ಇದರಿಂದ ಮುಚ್ಚುವುದು ಪಾಸ್‌ವರ್ಡ್ ಮಾತ್ರ. ಅಡ್ಮಿನ್‌ಗಳು ಸಾಮಾನ್ಯವಾಗಿ ಸರ್ವರ್‌ಗೆ ಪಾಸ್‌ವರ್ಡ್ ಕೊಟ್ಟು ಹೋಗುವುದಿಲ್ಲ, ಎಸ್‌ಎಸ್‌ಎಚ್ ಕೀ ಬಳಸುತ್ತಾರೆ. ಈ ಕೀಗೆ ಎರಡು ಭಾಗ. ಗುಟ್ಟಾಗಿಡಬೇಕಾದ ಭಾಗ ಅಡ್ಮಿನ್‌ರ ಕಂಪ್ಯೂಟರ್‌ನಲ್ಲಿರುತ್ತದೆ. ಅದಕ್ಕೆ ಹೊಂದುವ ಬಹಿರಂಗ ಭಾಗ ಸರ್ವರ್‌ನಲ್ಲಿ `authorized_keys` ಎಂಬ ಕಡತದಲ್ಲಿ ಒಂದು ಸಾಲಾಗಿ ಕೂತಿರುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ, ಪಾಸ್‌ವರ್ಡ್‌ನ ಮಾತೇ ಬರುವುದಿಲ್ಲ. ಉಬುಂಟುವಿನಲ್ಲಿ ಸಾಮಾನ್ಯವಾಗಿರುವ ಹೊಂದಾಣಿಕೆಯಲ್ಲಿ, ಬೀಗ ಹಾಕಿದ ಖಾತೆಗೂ ಕೀ ಮೂಲಕ ಪ್ರವೇಶ ಸಿಗುತ್ತದೆ. ಖಾತೆಯನ್ನೇ ನಿಲ್ಲಿಸಬೇಕಾದರೆ ಅದರ ಅವಧಿ ಮುಗಿಸಬೇಕು:

```
sudo usermod --expiredate 1 hsr
```

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಅವರ ಅದೇ ಕೀ `deploy` ಮತ್ತು `root` ಖಾತೆಗಳಲ್ಲೂ ಇರಬಹುದು. `hsr` ಖಾತೆಯನ್ನು ಪೂರ್ತಿ ಅಳಿಸಿದರೂ ಅಲ್ಲಿನ ಸಾಲುಗಳು ಹಾಗೇ ಉಳಿಯುತ್ತವೆ. ನನ್ನ ಪ್ರಕಾರ ಪತ್ರದ ತಿರುಳು ಇಲ್ಲಿದೆ. ಖಾತೆಗಳ ಪಟ್ಟಿಯನ್ನು ಹೊಸಬರು ಒಂದೆರಡು ಆದೇಶಗಳಲ್ಲಿ ತಾವೇ ತೆಗೆದುಕೊಳ್ಳಬಲ್ಲರು. ಯಾವ ಸಾಲು ಯಾರದು, ಯಾತಕ್ಕೆ ಇಟ್ಟದ್ದು ಎನ್ನುವುದನ್ನು ಹಳಬರೇ ಹೇಳಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಹೆಸರು ಇರುತ್ತದೆ, ಆದರೆ ಅದು ಬರೀ ಟಿಪ್ಪಣಿ. ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಅದನ್ನು ನಂಬುವಂತಿಲ್ಲ. ನಂಬಬೇಕಾದದ್ದು ಕೀಯ ಬೆರಳಚ್ಚನ್ನು. ಅದನ್ನು ಹೀಗೆ ತೆಗೆಯಬಹುದು:

```
sudo ssh-keygen -lf /home/deploy/.ssh/authorized_keys
```

ಪ್ರತಿ ಕೀಗೂ `SHA256:` ಎಂದು ಶುರುವಾಗುವ ಒಂದು ಉದ್ದನೆಯ ಗುರುತು ಬರುತ್ತದೆ. ಕಾಲೇಜಿನ `deploy` ಖಾತೆಯಲ್ಲಿ ಐದು ಬಂದವು ಎಂದುಕೊಳ್ಳಿ. ಪತ್ರದಲ್ಲಿ ಹೀಗೆ ಬರೆದಿರಬೇಕು: "ಮೊದಲನೆಯದು ನನ್ನ ಕಚೇರಿ ಕಂಪ್ಯೂಟರಿನದು, ಎರಡನೆಯದು ನನ್ನ ಮನೆಯ ಲ್ಯಾಪ್‌ಟಾಪಿನದು. ಇವೆರಡನ್ನೂ ನಾನು ಹೊರಟ ದಿನ ಸಂಜೆಯೇ ತೆಗೆಯಿರಿ. ಮೂರನೆಯದು ಜಾಲತಾಣ ಮಾಡಿಕೊಟ್ಟ ಗುತ್ತಿಗೆದಾರರದು. ಒಪ್ಪಂದ ಮುಗಿದಿದೆ, ಇವತ್ತೇ ತೆಗೆಯಬಹುದು. ನಾಲ್ಕನೆಯದನ್ನು ಮುಟ್ಟಬೇಡಿ, ಬ್ಯಾಕಪ್ ಸರ್ವರ್ ರಾತ್ರಿ ಕಡತಗಳನ್ನು ಎಳೆದುಕೊಳ್ಳುವುದು ಅದರಿಂದಲೇ. ಐದನೆಯದು ಯಾರದೆಂದು ನನಗೂ ಗೊತ್ತಿಲ್ಲ."

ಆ ಕೊನೆಯ ವಾಕ್ಯ ಬರೆಯಲು ಸಂಕೋಚಪಡಬಾರದು. ಯಾರದೆಂದು ತಿಳಿಯದ ಕೀಯೇ ಉಳಿದೆಲ್ಲಕ್ಕಿಂತ ಅಪಾಯದ್ದು. ಅದು ಬಳಕೆಯಲ್ಲಿದೆಯೇ ಎಂದು ಪತ್ತೆ ಮಾಡಲು ದಾರಿ ಇದೆ. ಯಾರಾದರೂ ಕೀ ಬಳಸಿ ಒಳಗೆ ಬಂದಾಗಲೆಲ್ಲ `/var/log/auth.log` ಕಡತದಲ್ಲಿ `Accepted publickey for deploy` ಎಂಬ ಸಾಲು ದಾಖಲಾಗುತ್ತದೆ. ಬಂದ ವಿಳಾಸವೂ ಕೀಯ ಬೆರಳಚ್ಚೂ ಅದರಲ್ಲಿರುತ್ತವೆ. ಆದರೆ ಉಬುಂಟು ಈ ಕಡತದ ಹಳೆಯ ಪ್ರತಿಗಳನ್ನು ಸಾಮಾನ್ಯವಾಗಿ ನಾಲ್ಕು ವಾರ ಮಾತ್ರ ಇಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಯಲ್ಲಿ ಲೆಕ್ಕಪತ್ರ ಕಳಿಸುವ ಕೆಲಸಕ್ಕೆ ಇಟ್ಟ ಕೀ ಜುಲೈನಲ್ಲಿ ನೋಡಿದರೆ ದಾಖಲೆಯಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಅನುಮಾನದ ಸಾಲನ್ನು ಒಮ್ಮೆಲೇ ಅಳಿಸದೆ, ಅದರ ಮುಂದೆ `#` ಹಾಕಿ ನಿಷ್ಕ್ರಿಯಗೊಳಿಸಿ, ದಿನಾಂಕ ಬರೆದಿಡುವುದು ಒಳ್ಳೆಯದು. ಯಾವುದಾದರೂ ಕೆಲಸ ನಿಂತರೆ ಕಾರಣ ತಕ್ಷಣ ತಿಳಿಯುತ್ತದೆ.

ಇಷ್ಟೇ ಎಚ್ಚರ ಬೇಕಾದ ಇನ್ನೊಂದು ಜಾಗ ಇದೆ. ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡ ಸರ್ವರ್‌ಗಳಲ್ಲಿ ಕೆಲವು ಕೆಲಸಗಳು ಅವರ ಸ್ವಂತ ಖಾತೆಯ ಹೆಸರಿನಲ್ಲೇ ನಡೆಯುತ್ತಿರುತ್ತವೆ. ನಮ್ಮ ಉದಾಹರಣೆಯಲ್ಲಿ ಫಲಿತಾಂಶದ ದತ್ತಾಂಶವನ್ನು ರಾತ್ರಿ ಎರಡು ಗಂಟೆಗೆ ಪ್ರತಿ ಮಾಡುವ ಕೆಲಸ `hsr` ಖಾತೆಯ ವೇಳಾಪಟ್ಟಿಯಲ್ಲಿದೆ. `sudo crontab -l -u hsr` ಎಂದರೆ ಅದು ಕಾಣುತ್ತದೆ. ನೋಡದೆ ಖಾತೆಯ ಅವಧಿ ಮುಗಿಸಿದರೆ ಆ ರಾತ್ರಿಯಿಂದಲೇ ಪ್ರತಿ ನಿಲ್ಲುತ್ತದೆ. ಯಾರ ಪರದೆಯ ಮೇಲೂ ಎಚ್ಚರಿಕೆ ಮೂಡುವುದಿಲ್ಲ. `account hsr has expired` ಎಂಬ ಸಾಲು ದಾಖಲೆಯಲ್ಲಿ ಬಿದ್ದಿರುತ್ತದೆ, ಅಷ್ಟೆ. ತಿಂಗಳುಗಳ ನಂತರ ಡಿಸ್ಕ್ ಕೆಟ್ಟಾಗಲೇ ಬ್ಯಾಕಪ್ ಇಲ್ಲವೆಂಬುದು ಗೊತ್ತಾಗುವುದು. ಆದ್ದರಿಂದ ಪತ್ರದಲ್ಲಿ ಕ್ರಮವನ್ನೂ ಹೇಳಿರಬೇಕು: ಮೊದಲು ಈ ಕೆಲಸವನ್ನು `backup` ಎಂಬ ಬೇರೆ ಖಾತೆಗೆ ವರ್ಗಾಯಿಸಿ. ಮಾರನೆಯ ಬೆಳಿಗ್ಗೆ ಹೊಸ ಪ್ರತಿ ಬಂದಿದೆಯೇ, ಗಾತ್ರ ಹಿಂದಿನ ದಿನದಷ್ಟೇ ಇದೆಯೇ ನೋಡಿ. ಅದಾದ ಮೇಲೆ ನನ್ನ ಖಾತೆ ಮುಚ್ಚಿ. ಇದಕ್ಕೆ ಹಳಬರು ಇನ್ನೂ ಕುರ್ಚಿಯಲ್ಲಿರುವಾಗಲೇ ವಾರ, ಹದಿನೈದು ದಿನ ಬೇಕು. ಬೀಳ್ಕೊಡುಗೆಯ ಮಧ್ಯಾಹ್ನ ಆಗುವ ಕೆಲಸವಲ್ಲ.

ಸರ್ವರ್‌ನಿಂದ ಹೊರಗಿರುವ ಪ್ರವೇಶಗಳೂ ಇವೆ. ಕಾಲೇಜಿನ ಡೊಮೇನ್ ಹೆಸರನ್ನು ನೋಂದಾಯಿಸಿದವರು ಅಡ್ಮಿನ್, ಒಟಿಪಿ ಹೋಗುವುದು ಅವರ ಸ್ವಂತ ಮೊಬೈಲಿಗೆ. ಪಾಸ್‌ವರ್ಡ್ ಮರೆತರೆ ಬರುವ ಮೇಲ್ ಅವರ ಸ್ವಂತ ವಿಳಾಸಕ್ಕೆ. ಪಾಸ್‌ವರ್ಡ್ ಹಸ್ತಾಂತರವಾದರೂ ಇವು ಬದಲಾಗದಿದ್ದರೆ ಆ ಖಾತೆ ನಿಜಕ್ಕೂ ಕಾಲೇಜಿನದಾಗಿರುವುದಿಲ್ಲ. ಡೊಮೇನ್ ನವೀಕರಣದ ಸೂಚನೆ ಹಳೆಯ ಮೇಲ್‌ಗೆ ಹೋಗಿ, ಗಡುವು ದಾಟಿ, ಜಾಲತಾಣ ಮಾಯವಾಗಬಹುದು. ಮೊಬೈಲ್ ಸಂಖ್ಯೆ ಬದಲಿಸುವಾಗ ಹಳೆಯ ಸಂಖ್ಯೆಗೂ ಒಟಿಪಿ ಬರುವುದುಂಟು. ಅದನ್ನು ಇಬ್ಬರೂ ಎದುರುಬದುರು ಕೂತು ಮುಗಿಸುವುದೇ ಸರಿ.

ಪತ್ರದಲ್ಲಿ ಪಾಸ್‌ವರ್ಡ್ ಬರೆಯಬಾರದು. ಅದರ ನಕಲು ತೆಗೆಯುತ್ತಾರೆ, ಕಡತಕ್ಕೆ ಸೇರಿಸುತ್ತಾರೆ, ಮೇಲ್‌ನಲ್ಲಿ ಕಳಿಸುತ್ತಾರೆ. ಪಾಸ್‌ವರ್ಡ್‌ಗಳು ಯಾವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿವೆ, ಅದನ್ನು ತೆರೆಯುವ ಹಕ್ಕು ಯಾರಿಗಿದೆ ಎಂದಷ್ಟೇ ಹೇಳಿ, ಹೊಸಬರು ಎಲ್ಲವನ್ನೂ ಬದಲಿಸಿಕೊಳ್ಳಬೇಕು.

ಕೊನೆಗೆ ಪರೀಕ್ಷೆ. ಸಾಲುಗಳನ್ನೆಲ್ಲ ತೆಗೆದಾದ ಮೇಲೆ ನಿವೃತ್ತರಾಗುವವರು ತಮ್ಮ ಕಂಪ್ಯೂಟರ್‌ನಿಂದ ಮೂರೂ ಸರ್ವರ್‌ಗಳಿಗೆ, ಮೂರೂ ಖಾತೆಗಳ ಹೆಸರಿನಲ್ಲಿ, ಹೊಸಬರ ಎದುರಿಗೇ ಪ್ರವೇಶಿಸಲು ಪ್ರಯತ್ನಿಸಬೇಕು. ಒಂಬತ್ತು ಸಲವೂ ಸರ್ವರ್ ನಿರಾಕರಿಸಬೇಕು. ಮೊದಲೇ ತೆರೆದಿಟ್ಟ ಸಂಪರ್ಕವನ್ನು ಈ ರದ್ದತಿ ಕಡಿಯುವುದಿಲ್ಲ, ಹಾಗಾಗಿ `who` ಎಂದು ಕೇಳಿ ಯಾರ್ಯಾರು ಒಳಗಿದ್ದಾರೆಂದು ನೋಡಿ, ಹಳೆಯ ಸಂಪರ್ಕಗಳನ್ನು ಮುಚ್ಚಬೇಕು. ಆ ಪ್ರಯತ್ನಗಳ ದಿನಾಂಕ, ಸಮಯ, ಫಲಿತಾಂಶವನ್ನು ಪತ್ರದ ಕೆಳಗೆ ಬರೆದು ಇಬ್ಬರೂ ಸಹಿ ಹಾಕಿದರೆ, ಬೇಬಾಕಿ ಪ್ರಮಾಣಪತ್ರದ ಜೊತೆ ಅದನ್ನೂ ಕಡತಕ್ಕೆ ಸೇರಿಸಬಹುದು.